ಬಾಕಿ ಬಂದಿಲ್ಲ, ಪೇಪರ್‌ನಲ್ಲಿ ಮಾತ್ರ ಬಂದಿದೆ: ಪ್ರೆಸ್ ನೋಟ್ ಸುದ್ದಿಯಾಗುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ತಾಲ್ಲೂಕು. ಅಪ್ಪ ಜನವರಿ 20ರಂದು ಕಾರ್ಖಾನೆಗೆ ಕಬ್ಬು ಕಳಿಸಿದ್ದಾರೆ. ಫೆಬ್ರವರಿ ಮುಗಿಯುತ್ತಾ ಬಂದರೂ ದುಡ್ಡು ಬಂದಿಲ್ಲ. ಆದರೆ ಈ ಸೋಮವಾರ ಮೂರು ಪೇಪರ್‌ಗಳಲ್ಲಿ ‘ಕಬ್ಬಿನ ಬಾಕಿ ಪೂರ್ಣ ಪಾವತಿ, ಟನ್‌ಗೆ 3,566 ರೂ. ದರ’ ಅಂತ ಸುದ್ದಿ ಬಂದಿದೆ. ಡಿಸೆಂಬರ್‌ನಲ್ಲಿ ಕಳಿಸಿದ ಕಬ್ಬಿಗೇ ನಮಗೆ ಬಂದದ್ದು ಟನ್‌ಗೆ 2,766. ಮೂರರಲ್ಲೂ ಸಾಲುಗಳು ಹೆಚ್ಚುಕಡಿಮೆ ಒಂದೇ. ‘ಶ್ರೇಯೋಭಿವೃದ್ದಿ’ ಅನ್ನೋ ತಪ್ಪು ಕಾಗುಣಿತ ಕೂಡ ಎರಡರಲ್ಲಿ ಒಂದೇ ಥರ ಇದೆ! ಇವರೆಲ್ಲ ದುಡ್ಡು ತಗೊಂಡು ಹಾಕಿದ್ದಾರಾ? ನಾವೇನು ಮಾಡಬಹುದು? ತುಣುಕುಗಳನ್ನೂ ಅಪ್ಪನ ಬಿಲ್ಲನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಾನು ಮೊದಲು ಪತ್ರಿಕೆಯ ಜಿಲ್ಲಾ ಡೆಸ್ಕ್‌ನಲ್ಲಿದ್ದೆ. ಆಮೇಲೆ ಕೆಲವು ವರ್ಷ ಸಂಸ್ಥೆಗಳ ಪರವಾಗಿ ಇಂಥದೇ ಪ್ರಕಟಣೆಗಳನ್ನು ಬರೆದುಕೊಟ್ಟಿದ್ದೇನೆ. ಹಾಗಾಗಿ ಎರಡೂ ಕಡೆ ಏನಾಗುತ್ತದೆ ಎಂದು ಗೊತ್ತು. ನೀವು ಕಳಿಸಿದ ತುಣುಕುಗಳನ್ನು ನೋಡಿದರೆ ಇದು ಕಾರ್ಖಾನೆಯವರೇ ಬರೆದು ಪತ್ರಿಕೆಗಳಿಗೆ ಹಂಚಿದ ಪ್ರಕಟಣೆ, ಅಂದರೆ ಪ್ರೆಸ್ ನೋಟ್ ಎನ್ನುವುದರಲ್ಲಿ ಅನುಮಾನವಿಲ್ಲ. ಕಾಗುಣಿತದ ತಪ್ಪು ಸಾಕ್ಷಿ ಹೇಳುತ್ತಿದೆ. ಇಬ್ಬರು ವರದಿಗಾರರು ಬೇರೆ ಬೇರೆಯಾಗಿ ಕೂತು ಬರೆದು ಒಂದೇ ಅಕ್ಷರಕ್ಕೆ ಮಹಾಪ್ರಾಣ ಬಿಡುವುದು ಅಪರೂಪ. ಮೂರನೇ ಪತ್ರಿಕೆಯಲ್ಲಿ ಯಾರೋ ತಿದ್ದುವವರು ಎಚ್ಚರ ಇದ್ದರು, ಅಷ್ಟೇ.

ಆದರೆ ದುಡ್ಡು ಕೈ ಬದಲಾಗಿದೆ ಎನ್ನಲು ಇದಿಷ್ಟೇ ಸಾಲದು. ಕಾಸಿಗೆ ಸುದ್ದಿ ಎನ್ನುವ ರೋಗ ಇಲ್ಲವೆಂದಲ್ಲ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ಅದರ ಬಗ್ಗೆ ವರದಿ ಕೊಟ್ಟಿದೆ. ನಗದು ಅಥವಾ ಬೇರೆ ಯಾವುದೇ ರೂಪದ ಪ್ರತಿಫಲ ಪಡೆದು ಪ್ರಕಟಿಸಿದ್ದೆಲ್ಲ ಕಾಸಿಗೆ ಸುದ್ದಿ ಎಂದು ಅದು ಹೇಳುತ್ತದೆ. ಪ್ರೆಸ್ ನೋಟ್ ಕಥೆ ಬೇರೆ. ಅಲ್ಲಿ ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ. ಸುದ್ದಿಯನ್ನು ಸಿದ್ಧ ಮಾಡಿ ಪುಕ್ಕಟೆ ಕೊಟ್ಟರೆ ಸಾಕು, ಅದು ತಾನಾಗಿ ಅಚ್ಚಾಗುತ್ತದೆ. ನನ್ನನ್ನು ಕೇಳಿದರೆ ಇದೇ ಹೆಚ್ಚು ಚಿಂತೆಯ ವಿಷಯ. ಇಲ್ಲಿ ಹಿಡಿಯಲು ಕಳ್ಳನೇ ಸಿಗುವುದಿಲ್ಲ.

ಇದಕ್ಕೆ ‘ಮಾಹಿತಿ ಸಬ್ಸಿಡಿ’ ಎನ್ನುತ್ತಾರೆ. ಆಸ್ಕರ್ ಗ್ಯಾಂಡಿ ಎಂಬ ಅಮೆರಿಕದ ಸಂವಹನ ವಿದ್ವಾಂಸರು 1982ರಲ್ಲಿ ಇದನ್ನು ವಿವರಿಸಿದರು. ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹನಿ ನೀರಾವರಿಗೆ ಸಬ್ಸಿಡಿ ಕೊಟ್ಟರೆ ರೈತ ಡ್ರಿಪ್ ಹಾಕುತ್ತಾನೆ. ಯಾರೂ ಅವನಿಗೆ ಲಂಚ ಕೊಟ್ಟಿಲ್ಲ, ಖರ್ಚು ಕಡಿಮೆಯಾಗಿದೆ ಅಷ್ಟೇ. ಸುದ್ದಿಗೂ ಖರ್ಚಿದೆ. ಒಬ್ಬ ವರದಿಗಾರ ನಿಮ್ಮೂರಿಗೆ ಬರಬೇಕು, ಹತ್ತು ರೈತರ ಪಾಸ್‌ಬುಕ್ ನೋಡಬೇಕು, ಕಾರ್ಖಾನೆಯ ಲೆಕ್ಕ ಕೇಳಬೇಕು, ಸಕ್ಕರೆ ನಿರ್ದೇಶನಾಲಯಕ್ಕೆ ಫೋನ್ ಮಾಡಬೇಕು. ಒಂದು ಸುದ್ದಿಗೆ ಎರಡು ದಿನ ಹೋಯಿತು. ಇನ್ನೊಂದು ಕಡೆ ವಾಟ್ಸಾಪ್‌ಗೆ ಫೋಟೊ ಸಮೇತ ಸಿದ್ಧ ಸುದ್ದಿ ಬಂದು ಬಿದ್ದಿದೆ. ಯಾವುದು ಮೊದಲು ಪುಟ ಸೇರುತ್ತದೆ ಹೇಳಿ?

ಇದು ನಮ್ಮ ಜಿಲ್ಲಾ ಪತ್ರಿಕೆಗಳ ಬಡತನ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ಅಲ್ಲಿನ ಐದು ದೊಡ್ಡ ರಾಷ್ಟ್ರೀಯ ಪತ್ರಿಕೆಗಳ ಎರಡು ಸಾವಿರಕ್ಕೂ ಹೆಚ್ಚು ಸುದ್ದಿಗಳನ್ನು ಜಾಲಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಶೇ 60ರಷ್ಟು ಸುದ್ದಿಗಳು ಪೂರ್ತಿಯಾಗಿ ಅಥವಾ ಬಹುಪಾಲು ಸುದ್ದಿಸಂಸ್ಥೆಗಳ ಇಲ್ಲವೇ ಪ್ರಚಾರದವರ ಸಿದ್ಧ ಸರಕಿನಿಂದ ಬಂದಿದ್ದವು. ಅಂಥ ಸರಕಿನ ಸುಳಿವೇ ಇಲ್ಲದ ಸುದ್ದಿ ಶೇ 12 ಮಾತ್ರ. ಅವೆಲ್ಲ ಸಂಬಳದ ವರದಿಗಾರರು ಸಾಕಷ್ಟಿದ್ದ ಪತ್ರಿಕೆಗಳು.

ಈಗ ನಿಮ್ಮ ತಾಲ್ಲೂಕಿಗೆ ಬರೋಣ. ತಾಲ್ಲೂಕು ಕೇಂದ್ರದಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವವರು ಹೆಚ್ಚಾಗಿ ಅರೆಕಾಲಿಕ ವರದಿಗಾರರು. ಸಣ್ಣ ಗೌರವಧನ, ಜಾಹೀರಾತು ತಂದರೆ ಕಮಿಷನ್. ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಜಿಲ್ಲಾ ಪುಟ ಸಂಜೆಯೇ ಕಟ್ಟಿ ಮುಗಿಯಬೇಕು. ಅಷ್ಟರೊಳಗೆ ಡೆಸ್ಕ್‌ನಿಂದ ‘ಇನ್ನೆರಡು ಕಾಲಂ ಖಾಲಿ ಇದೆ, ಏನಾದ್ರೂ ಕಳಿಸ್ರೀ’ ಎಂದು ಫೋನ್ ಬರುತ್ತದೆ. ಪ್ರಕಟಣೆ ಬರೆಯುವವರಿಗೆ ಈ ಹೊತ್ತು ಚೆನ್ನಾಗಿ ಗೊತ್ತು. ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ಅವರ ನೋಟ್ ವರದಿಗಾರರ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಮೊದಲ ಸಾಲಿನಲ್ಲೇ ಮುಖ್ಯ ವಿಷಯ, ಎರಡನೆಯ ಪ್ಯಾರಾದಲ್ಲಿ ಅಧ್ಯಕ್ಷರ ಹೇಳಿಕೆ, ಕೊನೆಗೆ ಯಾರ್‍ಯಾರು ಇದ್ದರು ಎಂಬ ಹೆಸರುಗಳು. ಕೆಳಗಿನಿಂದ ಎಷ್ಟು ಕತ್ತರಿಸಿದರೂ ಮೇಲಿನದು ಉಳಿಯುವ ಹಾಗೆ ಬರೆದಿರುತ್ತಾರೆ. ಇನ್ನೂರು, ಇನ್ನೂರೈವತ್ತು ಪದ. ಮತ್ತೆ ಟೈಪ್ ಮಾಡುವ ತೊಂದರೆಯೂ ಬೇಡ ಎಂದು ಯೂನಿಕೋಡ್‌ನಲ್ಲೂ ನುಡಿ ಫಾಂಟ್‌ನಲ್ಲೂ ಎರಡು ಪ್ರತಿ ಕೊಡುವವರಿದ್ದಾರೆ.

ನಿಮ್ಮ ಸುದ್ದಿ ಬಂದದ್ದು ಸೋಮವಾರ. ಅದೂ ಸುಮ್ನೆ ಅಲ್ಲ. ಭಾನುವಾರ ಸರ್ಕಾರಿ ಕಚೇರಿಗಳಿಲ್ಲ, ಸಭೆಗಳಿಲ್ಲ, ಸೋಮವಾರದ ಪುಟಕ್ಕೆ ಸುದ್ದಿಯ ಬರ. ಬೇರೆ ದಿನ ಸಿಂಗಲ್ ಕಾಲಂ ಆಗುವ ನೋಟ್ ಆ ದಿನ ಫೋಟೊ ಸಮೇತ ಮೂರು ಕಾಲಂ ಆಗುತ್ತದೆ. ಜೊತೆಗೆ ಇನ್ನೊಂದು ನೋಡಿ: ಆ ವಾರ ರೈತರ ಧರಣಿಯೋ, ಜಿಲ್ಲಾಧಿಕಾರಿಗಳ ಸಭೆಯೋ ಇತ್ತೇ? ದೂರು ಹೊರಬೀಳುವ ಮೊದಲೇ ತಮ್ಮ ಮಾತು ಅಚ್ಚಾಗಿರಬೇಕು ಎನ್ನುವುದು ಈ ಕಸುಬಿನ ಹಳೆಯ ಪಾಠ. ಅಮೆರಿಕದ ಐವಿ ಲೀ 1906ರಲ್ಲಿ ಒಂದು ರೈಲು ದುರಂತದ ಬಗ್ಗೆ ರೈಲ್ವೆ ಕಂಪನಿಯ ಪರವಾಗಿ ಹೇಳಿಕೆ ಬರೆದು ಪತ್ರಕರ್ತರಿಗೆ ಹಂಚಿದರು. ಮೊದಲ ಪ್ರೆಸ್ ನೋಟ್ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ. ಅದೂ ಕೆಟ್ಟ ಸುದ್ದಿಯ ದಿನ ಹುಟ್ಟಿದ್ದೇ, ಅಲ್ವಾ?

ಇನ್ನು ಸುದ್ದಿಯ ಒಳಗೆ ಇಳಿಯೋಣ. ಪ್ರೆಸ್ ನೋಟ್ ಎಂದರೆ ಸುಳ್ಳು ಎಂದು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಚೆನ್ನಾಗಿ ಬರೆದ ನೋಟ್ ಸುಳ್ಳು ಹೇಳುವುದೇ ಇಲ್ಲ. ಯಾವ ಅಂಕಿ ಮುಂದಿಡಬೇಕು, ಯಾವುದನ್ನು ಹಿಂದೆ ಬಿಡಬೇಕು ಎಂದು ಅದು ಆರಿಸಿಕೊಳ್ಳುತ್ತದೆ.

3,566 ಎಲ್ಲಿಂದ ಬಂತು ನೋಡಿ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಕ್ವಿಂಟಲ್‌ಗೆ 340 ರೂಪಾಯಿ, ಅಂದರೆ ಟನ್‌ಗೆ 3,400. ಇದು ಶೇ 10.25ರ ರಿಕವರಿಗೆ, ಅಂದರೆ ನೂರು ಕೆ.ಜಿ. ಕಬ್ಬಿನಿಂದ 10.25 ಕೆ.ಜಿ. ಸಕ್ಕರೆ ಬಂದರೆ. ಅದರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 3.32 ರೂಪಾಯಿ, ಟನ್‌ಗೆ 33.20 ರೂಪಾಯಿ ಜಾಸ್ತಿ ಸೇರುತ್ತದೆ. ತುಣುಕಿನಲ್ಲಿ ಕಾರ್ಖಾನೆಯ ರಿಕವರಿ 10.75 ಎಂದಿದೆ. ಅರ್ಧ ಶೇಕಡಾ ಹೆಚ್ಚು, ಅಂದರೆ ಐದು ಸಲ 33.20, ಒಟ್ಟು 166. 3,400ಕ್ಕೆ ಕೂಡಿಸಿ, 3,566. ಲೆಕ್ಕ ಸರಿ ಇದೆ. ಇನ್ನು ಅಪ್ಪನ ಬಿಲ್ ನೋಡಿ. ಕಟಾವು ಮತ್ತು ಸಾಗಣೆ ಎಂದು ಟನ್‌ಗೆ 800 ಕಳೆದಿದ್ದಾರೆ. ಉಳಿದದ್ದು 2,766. ಎಫ್‌ಆರ್‌ಪಿ ಎಂದರೆ ಕಾರ್ಖಾನೆಯ ಗೇಟಿನವರೆಗೆ ಕಬ್ಬು ತಲುಪಿಸಿದ ದರ. ಕಡಿಯುವ, ತರುವ ಖರ್ಚು ಅದರಲ್ಲೇ ಕಳೆಯುತ್ತಾರೆ. ಹಾಗಾಗಿ ಡಿಸೆಂಬರ್ ಬಿಲ್ಲಿನಲ್ಲಿ ದರದ ಮೋಸ ಕಾಣುವುದಿಲ್ಲ. ಆದರೆ ‘ರೈತರಿಗೆ 3,566’ ಎಂದು ಓದಿದ ಪಟ್ಟಣದವನಿಗೆ ರೈತನ ಕೈಗೆ ಅಷ್ಟೂ ಬಂದಿದೆ ಅನಿಸುತ್ತದೆ. ಇನ್ನೊಂದು ಮಾತು: 3,566 ಕೊಡುವುದು ಕಾರ್ಖಾನೆಯ ಔದಾರ್ಯವಲ್ಲ, ಅದು ಕಾನೂನಿನ ಕನಿಷ್ಠ ದರ. ನೋಟ್ ಅದನ್ನು ‘ರೈತರ ಶ್ರೇಯೋಭಿವೃದ್ದಿಗಾಗಿ’ ಕೊಟ್ಟ ದರ ಎಂದು ಬರೆದಿದೆ. ಕಡ್ಡಾಯವನ್ನು ಕೊಡುಗೆಯಾಗಿ ತೋರಿಸುವುದು ಪ್ರಕಟಣೆಗಳ ಅತಿ ಸಾಮಾನ್ಯ ಉಪಾಯ. ದೊಡ್ಡ ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಮಾಡಲೇಬೇಕಾದ ಖರ್ಚಿನ, ಅಂದರೆ ಸಿಎಸ್‌ಆರ್‌ನ ಸುದ್ದಿಗಳಲ್ಲೂ ಇದನ್ನೇ ಕಾಣುತ್ತೀರಿ.

ಬಾಕಿಯ ವಿಷಯ ಇನ್ನೂ ಸೂಕ್ಷ್ಮ. ಮೂರು ತುಣುಕುಗಳಲ್ಲಿ ಒಂದರಲ್ಲಿ ಮಾತ್ರ ಈ ಸಾಲು ಪೂರ್ತಿ ಉಳಿದಿದೆ: ‘ಜನವರಿ 15ರವರೆಗೆ ಕಬ್ಬು ಪೂರೈಸಿದ ಎಲ್ಲ ರೈತರ ಖಾತೆಗೆ ಹಣ ಜಮೆ ಮಾಡಲಾಗಿದ್ದು, ಯಾವುದೇ ಬಾಕಿ ಉಳಿದಿಲ್ಲ ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ.’ ಇನ್ನೆರಡರಲ್ಲಿ ಜಾಗ ಉಳಿಸಲು ತಾರೀಖು ಹೋಗಿದೆ. ಅಪ್ಪ ಕಬ್ಬು ಕಳಿಸಿದ್ದು 20ಕ್ಕೆ. ಅಂದರೆ ಮೂಲ ನೋಟ್ ಪ್ರಕಾರವೇ ಅವರು ಈ ‘ಎಲ್ಲ ರೈತರ’ ಪಟ್ಟಿಯಲ್ಲಿ ಇಲ್ಲ! ನಾಳೆ ಯಾರಾದರೂ ಕೇಳಿದರೆ ಕಾರ್ಖಾನೆಯವರು ‘ನಾವು 15ರವರೆಗೆ ಅಂತಲೇ ಹೇಳಿದ್ದೆವು’ ಎನ್ನಬಹುದು. ಪತ್ರಿಕೆಯವರು ‘ಅವರು ಕೊಟ್ಟದ್ದನ್ನೇ ಹಾಕಿದೆವು’ ಎನ್ನಬಹುದು. ಇಬ್ಬರ ಮಾತೂ ನಿಜ. ತಪ್ಪು ತಲೆಬರಹದಲ್ಲಿದೆ, ಅದಕ್ಕೆ ಯಾರೂ ವಾರಸುದಾರರಿಲ್ಲ.

ಒಂದು ಪತ್ರಿಕೆಯಲ್ಲಿ ತಾರೀಖಿನ ಜೊತೆ ‘ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎನ್ನುವುದೂ ಹಾರಿಹೋಗಿದೆ, ಗಮನಿಸಿದ್ರಾ? ಆ ಎರಡು ಪದ ಇದ್ದರೆ ಓದುಗನಿಗೆ ಇದು ಕಾರ್ಖಾನೆಯ ಮಾತು ಎಂದು ಗೊತ್ತಾಗುತ್ತದೆ. ಅವು ಹೋದ ಕೂಡಲೇ ಅದು ಪತ್ರಿಕೆಯೇ ತಪಾಸಣೆ ಮಾಡಿ ಹೇಳಿದ ಮಾತಾಗುತ್ತದೆ. ಡೆಸ್ಕ್‌ನಲ್ಲಿ ಕೂತವನಿಗೆ ಅದು ಬರೀ ಒಂದು ಸಾಲು ಉಳಿಸುವ ಕೆಲಸ. ಪ್ರಚಾರದ ಕಡೆ ಕೂತಾಗ ನಾವು ಬೆಳಗ್ಗೆ ಪೇಪರ್ ತೆರೆದು ಮೊದಲು ನೋಡುತ್ತಿದ್ದದ್ದು ಅದನ್ನೇ. ಆ ಪದಗಳಿಲ್ಲದೆ ಬಂದ ಸುದ್ದಿ ನಮ್ಮ ಪಾಲಿಗೆ ಪುಟಗಟ್ಟಲೆ ಜಾಹೀರಾತಿಗಿಂತ ಬೆಲೆಯುಳ್ಳದ್ದು.

ಜಾಹೀರಾತಿನ ಒತ್ತಡವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಯುಗಾದಿ, ರಾಜ್ಯೋತ್ಸವ, ಅಧ್ಯಕ್ಷರ ಹುಟ್ಟುಹಬ್ಬ ಎಂದು ಕಾರ್ಖಾನೆಗಳಿಂದ ಪುಟ ತುಂಬ ಜಾಹೀರಾತು ಬರುತ್ತದೆ. ಅದನ್ನು ತರುವವನೂ ಸುದ್ದಿ ಬರೆಯುವವನೂ ತಾಲ್ಲೂಕಿನಲ್ಲಿ ಒಬ್ಬನೇ. ಸಕ್ಕರೆ ಕಾರ್ಖಾನೆಗಳ ಹಿಂದೆ ರಾಜಕಾರಣಿಗಳು ಇರುವುದೂ ನಿಮಗೆ ಗೊತ್ತು. ಇದರಿಂದ ಪ್ರಕಟಣೆ ಅಚ್ಚಾಗುವುದಕ್ಕಿಂತ ಜಾಸ್ತಿ, ವಿರುದ್ಧದ ಪ್ರಶ್ನೆ ಕೇಳದೇ ಉಳಿಯುತ್ತದೆ. ಯಾರೂ ಕೇಳಬೇಡ ಎಂದು ಹೇಳಿರುವುದಿಲ್ಲ. ಕೇಳಲು ಖರ್ಚಿದೆ, ಕೇಳದಿದ್ದರೆ ಇಲ್ಲ.

ಹಾಗೆಂದು ಎಲ್ಲ ಪ್ರಕಟಣೆಗಳನ್ನೂ ಬಿಸಾಡಿ ಎಂದರೆ ಅದೂ ತಪ್ಪು. ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರ್ ಹತ್ತಿರ ಬಂದಾಗ ಎಷ್ಟು ಕ್ಯುಸೆಕ್ ಹೊರಬಿಡುತ್ತಾರೆ, ಯಾವ ಊರಿನವರು ಎಚ್ಚರದಿಂದಿರಬೇಕು ಎನ್ನುವ ನೋಟ್ ಬರುತ್ತದೆ. ಅದನ್ನು ಒಂದಕ್ಷರ ಬದಲಿಸದೆ, ತಡಮಾಡದೆ ಹಾಕಬೇಕು. ಅಲ್ಲಿ ಅಂಕಿ ಹೇಳುವವರಿಗೆ ಅದನ್ನು ಚಂದ ಮಾಡಿ ತೋರಿಸುವ ಲಾಭವಿಲ್ಲ. ವಾರ್ತಾ ಇಲಾಖೆಯಿಂದ ಬರುವ ಅರ್ಜಿ ಆಹ್ವಾನ, ವಿದ್ಯುತ್ ವ್ಯತ್ಯಯ ಕೂಡ ಹಾಗೆಯೇ. ನೋಟ್ ಕಳಿಸಿದವರೇ ತಮ್ಮ ಕೆಲಸವನ್ನು ತಾವೇ ಅಳೆದು ಹೇಳಿದಾಗ ಮಾತ್ರ ಕಣ್ಣು ಚುರುಕಾಗಬೇಕು.

ನಷ್ಟ ಎಲ್ಲಿ ಎಂದರೆ, ನೋಟ್ ಕಳಿಸಲು ಆಗದವರ ಪಾಲಿಗೆ ಪುಟದಲ್ಲಿ ಜಾಗ ಉಳಿಯುವುದಿಲ್ಲ. ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗ್‌ಗಳಿಗೆ ಪ್ರಚಾರ ಅಧಿಕಾರಿ ಇಲ್ಲ. ಅವರ ಸುದ್ದಿ ಬರುವುದು ಟ್ರ್ಯಾಕ್ಟರ್ ಮಗುಚಿದ ದಿನ ಮಾತ್ರ. ಅದೂ ಪೊಲೀಸ್ ಪ್ರಕಟಣೆಯಿಂದ.

ಇನ್ನು ನೀವು ಮಾಡಬಹುದಾದದ್ದು. ನನ್ನ ಸಲಹೆ, ಪತ್ರಿಕೆ ಮೇಲಿನ ಸಿಟ್ಟನ್ನೂ ಬಾಕಿ ವಸೂಲಿಯನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಪತ್ರಿಕೆಗೆ ನೀವೇ ಒಂದು ನೋಟ್ ಕಳಿಸಿ. ಹೌದು, ಅದೇ ಸಬ್ಸಿಡಿ, ಈ ಸಲ ನಿಮ್ಮ ಕಡೆಯಿಂದ. ‘ಬಂದು ನಮ್ಮ ಕಷ್ಟ ನೋಡಿ’ ಎಂದು ಫೋನ್ ಮಾಡಿದರೆ ಯಾರೂ ಬರಲಿಕ್ಕಿಲ್ಲ. ಹೀಗೆ ಬರೆದು ಕಳಿಸಿದರೆ ಅಚ್ಚಾಗುವ ಸಾಧ್ಯತೆ ಹೆಚ್ಚು:

‘ಜನವರಿ 15ರ ನಂತರ ಕಬ್ಬು ಪೂರೈಸಿದ ತಮಗೆ ಈವರೆಗೆ ಹಣ ಬಂದಿಲ್ಲ ಎಂದು ಗ್ರಾಮದ ಇಷ್ಟು ರೈತರು ಹೇಳಿದ್ದಾರೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ವಾರ್ಷಿಕ ಶೇ 15ರಷ್ಟು ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಪೂರ್ಣ ಪಾವತಿಯಾಗಿದೆ ಎಂಬ ಸುದ್ದಿ ಜನವರಿ 15ರವರೆಗಿನ ಪೂರೈಕೆಗೆ ಮಾತ್ರ ಅನ್ವಯಿಸುತ್ತದೆ ಎಂದು ಅವರು ತಿಳಿಸಿದ್ದಾರೆ.’

ಇದರ ಜೊತೆ ತೂಕದ ಚೀಟಿ ಮತ್ತು ಪಾಸ್‌ಬುಕ್ ಪುಟದ ಫೋಟೊ ಇರಲಿ. ಖಾತೆ ಸಂಖ್ಯೆ ಮುಚ್ಚಿ. ಮಾತಾಡಲು ಸಿದ್ಧ ಇರುವ ಇಬ್ಬರ ಹೆಸರು, ಫೋನ್ ನಂಬರ್ ಕೊಡಿ. ಪಿಡಿಎಫ್ ಬೇಡ, ನೇರ ಟೈಪ್ ಮಾಡಿದ್ದು ಕಳಿಸಿ. ಮಧ್ಯಾಹ್ನ ಮೂರರೊಳಗೆ ಕಳಿಸಿ, ಭಾನುವಾರವಾದರೆ ಇನ್ನೂ ಒಳ್ಳೆಯದು. ‘ಮೋಸ’, ‘ನುಂಗಿದ್ದಾರೆ’ ಎಂಬ ಮಾತು ಬೇಡವೇ ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನನಷ್ಟದ್ದು. ದಾಖಲೆ ಇರುವಷ್ಟನ್ನೇ ಹೇಳಿದರೆ ಆ ಭಯ ಬಹಳ ಕಡಿಮೆ. ವರದಿಗಾರ ಕಾರ್ಖಾನೆಗೂ ಫೋನ್ ಮಾಡಿ ಅವರ ಮಾತು ಸೇರಿಸುತ್ತಾನೆ. ಅದಕ್ಕೆ ಬೇಸರ ಪಡಬೇಡಿ, ಆ ಕರೆ ಮೊದಲ ಸುದ್ದಿಗೆ ಆಗಬೇಕಿತ್ತು.

ಇದರಲ್ಲಿ ದೊಡ್ಡ ಅಪಾಯ ಕೋರ್ಟಿನದಲ್ಲ, ಮುಂದಿನ ಹಂಗಾಮಿನದು. ಹೆಸರು ಹಾಕಿ ಮಾತಾಡಿದ ರೈತನ ಕಟಾವಿನ ಸರದಿ ಹಿಂದಕ್ಕೆ ಹೋಗುವ ಅಂಜಿಕೆ ನಿಮ್ಮಲ್ಲಿ ಎಲ್ಲರಿಗೂ ಇದ್ದೇ ಇರುತ್ತದೆ. ಕಬ್ಬು ಒಣಗಿದರೆ ತೂಕ ಹೋಗುತ್ತದೆ. ಆದ್ದರಿಂದ ಅಪ್ಪ ಒಬ್ಬರೇ ಮುಂದೆ ನಿಲ್ಲುವುದು ಬೇಡ. ಹತ್ತು ಹನ್ನೆರಡು ಜನ ಸೇರಿ, ಇಲ್ಲವೇ ರೈತ ಸಂಘಟನೆಯ ಹೆಸರಲ್ಲಿ ಕಳಿಸಿ. ಸಂಘಟನೆಯ ಲೆಟರ್‌ಹೆಡ್ ಇದ್ದರೆ ಡೆಸ್ಕ್‌ಗೂ ಧೈರ್ಯ ಬರುತ್ತದೆ.

ತಲೆಬರಹದ ವಿಷಯಕ್ಕೆ ಸಂಪಾದಕರಿಗೆ ಬೇರೆ ಪತ್ರ ಬರೆಯಿರಿ. ದೂರಿಗಿಂತ ತಿದ್ದುಪಡಿ ಕೇಳುವುದು ಒಳ್ಳೆಯದು: ‘ಮೂಲ ಪ್ರಕಟಣೆಯಲ್ಲಿ ಜನವರಿ 15ರವರೆಗೆ ಎಂದಿತ್ತು, ಅದನ್ನು ಸೇರಿಸಿ ಸ್ಪಷ್ಟೀಕರಣ ಹಾಕಿ.’ ತಾರೀಖು ಉಳಿಸಿಕೊಂಡ ಮೂರನೇ ಪತ್ರಿಕೆಯ ತುಣುಕನ್ನೇ ಜೊತೆಗೆ ಲಗತ್ತಿಸಿ. ಉತ್ತರ ಬರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಅದಕ್ಕೆ ಮೊದಲು ಸಂಪಾದಕರಿಗೆ ಬರೆದಿರಲೇಬೇಕು. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದೂರು ಹೋಗಬೇಕು. ಆದರೆ ಮಂಡಳಿ ಎಚ್ಚರಿಕೆ, ಛೀಮಾರಿ ಕೊಡಬಲ್ಲದು, ದಂಡ ಹಾಕಲಾರದು. ಇಂಥ ಒಂದು ತಲೆಬರಹಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಯೋಚಿಸಿ. ನಾನಾದರೆ ಹೋಗುತ್ತಿರಲಿಲ್ಲ.

ದುಡ್ಡಿನ ಕೆಲಸಕ್ಕೆ ಪೇಪರ್ ನೆಚ್ಚಿಕೊಳ್ಳಬೇಡಿ. ಜನವರಿ 20ರ ಕಬ್ಬಿಗೆ 14 ದಿನ ಫೆಬ್ರವರಿ 3ಕ್ಕೇ ಮುಗಿದಿದೆ. ಜಿಲ್ಲಾಧಿಕಾರಿಗಳಿಗೂ ಸಕ್ಕರೆ ನಿರ್ದೇಶನಾಲಯದ ಕಬ್ಬು ಅಭಿವೃದ್ಧಿ ಆಯುಕ್ತರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಕಿಯನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡುವ ದಾರಿ ಇದೆ. ಕಾರ್ಖಾನೆ ಯಾವ ದಿನದವರೆಗೆ ಎಷ್ಟು ಟನ್ ನುರಿಸಿದೆ, ಎಷ್ಟು ಹಣ ಕೊಟ್ಟಿದೆ ಎಂದು ಸಲ್ಲಿಸಿದ ಪಾವತಿ ವಿವರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಬಾಕಿ ಇದೆಯೇ?’ ಎಂದು ಪ್ರಶ್ನೆ ರೂಪದಲ್ಲಿ ಕೇಳಬೇಡಿ, ‘ಅನ್ವಯಿಸುವುದಿಲ್ಲ’ ಎಂದು ಹಿಂಬರಹ ಬರುತ್ತದೆ. ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗಿನ ಪಾವತಿ ವಿವರ ಪಟ್ಟಿಯ ದೃಢೀಕೃತ ಪ್ರತಿ ಕೊಡಿ’ ಎಂದು ಬರೆಯಿರಿ. ಆ ಪಟ್ಟಿ ಕೈಗೆ ಬಂದಾಗ ಒಂದು ಪ್ರತಿಯನ್ನು ತಾರೀಖು ಉಳಿಸಿಕೊಂಡ ಆ ಮೂರನೇ ಪತ್ರಿಕೆಯ ವರದಿಗಾರನಿಗೆ ಕೊಡಿ. ಮೂವರಲ್ಲಿ ಓದಿ ನೋಡುವ ಅಭ್ಯಾಸ ಇರುವುದು ಆ ಡೆಸ್ಕ್‌ಗೇ ಅನಿಸುತ್ತದೆ.